ಮೊದಲ ಸಾಲಿನ ಜಾಹೀರಾತಿಗೆ ಎಷ್ಟು ಕೊಡಬಹುದು?

ಮೈಸೂರಿನಲ್ಲಿ ವಾಷಿಂಗ್ ಮೆಷಿನ್ ರಿಪೇರಿ ಮಾಡುವವರೊಬ್ಬರು ಗೂಗಲ್‌ನಲ್ಲಿ ಜಾಹೀರಾತು ಕೊಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅದು ಪುಟದ ಮೇಲ್ಭಾಗದಲ್ಲಿ ಎರಡನೆಯದೋ ಮೂರನೆಯದೋ ಆಗಿ ಕಾಣುತ್ತದೆ. ತಿಂಗಳಿಗೆ 100 ಕ್ಲಿಕ್, ಸರಾಸರಿ 20 ರೂಪಾಯಿಯಂತೆ 2,000 ರೂಪಾಯಿ ಖರ್ಚು. ಹತ್ತು ಕ್ಲಿಕ್ಕಿಗೆ ಒಂದು ಕೆಲಸ ಸಿಗುತ್ತದೆ, ಒಂದು ಕೆಲಸದಲ್ಲಿ 500 ರೂಪಾಯಿ ಉಳಿಯುತ್ತದೆ. ಅಂದರೆ ಅವರ ಪಾಲಿಗೆ ಒಂದು ಕ್ಲಿಕ್ಕಿನ ಬೆಲೆ 50 ರೂಪಾಯಿ.

ಮೊದಲನೇ ಸ್ಥಾನ ಬೇಕೆಂದು ಬಿಡ್ ಏರಿಸುತ್ತಾರೆ. ಕ್ಲಿಕ್ 130ಕ್ಕೆ ಏರುತ್ತದೆ, ಸರಾಸರಿ ದರ 32 ರೂಪಾಯಿ ಆಗುತ್ತದೆ. 50ಕ್ಕಿಂತ 32 ಕಡಿಮೆಯೇ ಅಲ್ಲವೇ, ಲಾಭವಿದೆ ಎಂದು ಅನ್ನಿಸುತ್ತದೆ. ಆದರೆ ಒಟ್ಟು ಖರ್ಚು ಈಗ 4,160 ರೂಪಾಯಿ. ಹೆಚ್ಚಾಗಿ ಬಂದದ್ದು 30 ಕ್ಲಿಕ್, ಅದಕ್ಕೆ ಹೆಚ್ಚಾಗಿ ಹೋದದ್ದು 2,160 ರೂಪಾಯಿ. ಹೊಸದಾಗಿ ಬಂದ ಒಂದೊಂದು ಕ್ಲಿಕ್ಕಿಗೆ 72 ರೂಪಾಯಿ ಬಿತ್ತು! ಮೂರು ಕೆಲಸ ಹೆಚ್ಚು ಸಿಕ್ಕರೂ ತಿಂಗಳ ಉಳಿತಾಯ 3,000ದಿಂದ 2,340ಕ್ಕೆ ಇಳಿಯಿತು. ಮೊದಲೇ ಬರುತ್ತಿದ್ದ 100 ಕ್ಲಿಕ್ಕುಗಳಿಗೂ ಹೊಸ ದರ ತೆರಬೇಕಾಗಿ ಬಂದದ್ದೇ ಇದಕ್ಕೆ ಕಾರಣ. ಸರಾಸರಿ ದರವನ್ನಷ್ಟೇ ನೋಡುವವರಿಗೆ ಈ ನಷ್ಟ ಕಾಣುವುದೇ ಇಲ್ಲ.

ಮೇಲಿನ ಜಾಹೀರಾತನ್ನು ಒತ್ತಿದವರು ಹೆಚ್ಚು ಖರೀದಿಸುತ್ತಾರೆಂಬ ನಂಬಿಕೆಯೂ ಇದೆ. ಗೂಗಲ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಹ್ಯಾಲ್ ವೇರಿಯನ್ 2009ರಲ್ಲೇ ಇದನ್ನು ಲೆಕ್ಕ ಹಾಕಿ, ಸ್ಥಾನ ಬದಲಾದರೂ ಕ್ಲಿಕ್ ಮಾಡಿದವರು ಗಿರಾಕಿಗಳಾಗುವ ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ ಎಂದು ತೋರಿಸಿದ್ದರು. ಮೇಲಿನ ಸ್ಥಾನ ತರುವುದು ಹೆಚ್ಚು ಕ್ಲಿಕ್ಕುಗಳನ್ನು, ಹೆಚ್ಚು ಒಳ್ಳೆಯ ಕ್ಲಿಕ್ಕುಗಳನ್ನಲ್ಲ.

ಸ್ಥಾನ ನಿರ್ಧಾರವಾಗುವುದು ಹಣವೊಂದರಿಂದಲೇ ಅಲ್ಲ. ಯಾರಾದರೂ ಹುಡುಕಿದಾಗಲೆಲ್ಲ ಹರಾಜು ಹೊಸದಾಗಿ ನಡೆಯುತ್ತದೆ. ಜಾಹೀರಾತು ಹುಡುಕಿದ ಮಾತಿಗೆ ಹೊಂದುತ್ತದೆಯೇ, ಜನ ಅದನ್ನು ಒತ್ತುವ ಸಂಭವವೆಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಉಪಯುಕ್ತವೇ ಎಂಬುದೂ ಬಿಡ್‌ನ ಜೊತೆಗೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ‘ಎಲ್ಲ ಬಗೆಯ ರಿಪೇರಿ’ ಎಂಬ ಜಾಹೀರಾತಿನ ಬದಲು ವಾಷಿಂಗ್ ಮೆಷಿನ್‌ಗೆಂದೇ ಒಂದು ಜಾಹೀರಾತು, ದರಪಟ್ಟಿಯಿರುವ ಒಂದು ಪುಟ ಮಾಡಿದರೆ ಅದೇ ಬಿಡ್‌ನಲ್ಲೇ ಮೇಲೇರಬಹುದು. ಬಿಡ್ ಏರಿಸುವ ಮುಂಚೆ ಮಾಡಬೇಕಾದ ಕೆಲಸ ಇದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲ ಸ್ಥಾನಕ್ಕೆ ಹಣ ಹಾಕುವುದು ಸರಿಯೆನಿಸುವ ಸಂದರ್ಭಗಳೂ ಇವೆ. ನಿಮ್ಮ ಅಂಗಡಿಯ ಹೆಸರನ್ನೇ ಜನ ಹುಡುಕುವಾಗ ಆ ಜಾಗ ಸಾಮಾನ್ಯವಾಗಿ ಅಗ್ಗಕ್ಕೆ ಸಿಗುತ್ತದೆ. ರಾತ್ರಿ ಪೈಪ್ ಒಡೆದು ಪ್ಲಂಬರ್‌ನನ್ನು ಹುಡುಕುವವರು ಮೊಬೈಲ್‌ನಲ್ಲಿ ಮೊದಲು ಕಂಡ ನಂಬರಿಗೇ ಫೋನ್ ಮಾಡಿಬಿಡುತ್ತಾರೆ.

ನಿಮ್ಮ ವ್ಯಾಪಾರ ಯಾವ ಬಗೆಯದೆಂದು ತಿಳಿಯಲು ಎರಡು ವಾರ ಬಿಡ್ ಏರಿಸಿ, ಹಿಂದಿನ ಎರಡು ವಾರಗಳೊಂದಿಗೆ ಹೋಲಿಸಿ. Impr. (Abs. Top) % ಎಂಬ ಕಾಲಮ್‌ನಲ್ಲಿ ನಿಮ್ಮ ಜಾಹೀರಾತು ಕಾಣಿಸಿಕೊಂಡ ಸಲಗಳಲ್ಲಿ ಶೇಕಡಾ ಎಷ್ಟು ಸಲ ಎಲ್ಲಕ್ಕಿಂತ ಮೇಲಿತ್ತು ಎಂಬುದು ಸಿಗುತ್ತದೆ. Est. first position bid ತೋರಿಸುವುದು ಅಂದಾಜು ಮಾತ್ರ. Target impression share ಆರಿಸಿ ಸ್ಥಾನವನ್ನು ಗೂಗಲ್‌ಗೇ ಬಿಟ್ಟರೆ, ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ ಎಷ್ಟು ಎಂಬ ಮಿತಿಯನ್ನು ನೀವೇ ತುಂಬಿ. ಆ ವಿಧಾನ ನೋಡುವುದು ಸ್ಥಾನವನ್ನು, ನಿಮಗೆ ಎಷ್ಟು ಉಳಿಯಿತೆಂಬುದನ್ನಲ್ಲ.