ರಾತ್ರಿ ಎರಡು ಗಂಟೆಯ ರಿಪೋರ್ಟ್

ಹುಬ್ಬಳ್ಳಿಯಲ್ಲೊಂದು ಔಷಧ ಸಗಟು ವ್ಯಾಪಾರವಿದೆ ಎಂದಿಟ್ಟುಕೊಳ್ಳಿ. ಗದಗ, ಧಾರವಾಡ, ಹಾವೇರಿಗಳಲ್ಲಿ ಅದರ ಡಿಪೊಗಳು. ಮೂರೂ ಕಡೆಯ ದಿನದ ಬಿಲ್ಲುಗಳು ರಾತ್ರಿ ಒಂದೂವರೆಗೆ ಮುಖ್ಯ ಕಚೇರಿಯ ಡೇಟಾಬೇಸಿಗೆ ಏರುತ್ತವೆ. ಎರಡು ಗಂಟೆಗೆ ಇನ್ನೊಂದು ಪ್ರೋಗ್ರಾಂ ಎದ್ದು ಮಾರಾಟ ಮತ್ತು ದಾಸ್ತಾನಿನ ರಿಪೋರ್ಟ್ ತಯಾರಿಸುತ್ತದೆ. ಬೆಳಗ್ಗೆ ಖರೀದಿ ನೋಡಿಕೊಳ್ಳುವವರು ಅದನ್ನು ನೋಡಿಯೇ ಕಂಪನಿಗಳಿಗೆ ಆರ್ಡರ್ ಹಾಕುತ್ತಾರೆ.

ರಾತ್ರಿ ಇದನ್ನು ಎಬ್ಬಿಸುವವರು ಯಾರು? ಸಾಮಾನ್ಯವಾಗಿ ಮೂರು ದಾರಿಗಳಿವೆ. ಲಿನಕ್ಸ್ ಸರ್ವರಿನಲ್ಲಿ ಮೊದಲಿನಿಂದಲೂ ಇರುವ ಕ್ರಾನ್ ಒಂದು. ಏರ್‌ಫ್ಲೋನಂಥ ವರ್ಕ್‌ಫ್ಲೋ ಶೆಡ್ಯೂಲರ್ ಇನ್ನೊಂದು. ಇದು 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಹುಟ್ಟಿ ಮುಂದೆ ಅಪಾಚೆ ಪ್ರತಿಷ್ಠಾನಕ್ಕೆ ಸೇರಿತು. ಅಮೆಜಾನ್, ಗೂಗಲ್‌ನಂಥವರು ಕೊಡುವ ಕ್ಲೌಡ್ ಟೈಮರ್ ಮೂರನೆಯದು. ಹೊತ್ತಿಗೆ ಸರಿಯಾಗಿ ಎಬ್ಬಿಸುವ ಕೆಲಸವನ್ನು ಮೂರೂ ಚೆನ್ನಾಗಿಯೇ ಮಾಡುತ್ತವೆ. ಆಯ್ಕೆ ನಿಂತಿರುವುದು ಬೇರೆ ಪ್ರಶ್ನೆಯ ಮೇಲೆ: ಒಂದು ಕೆಲಸ ಇನ್ನೊಂದು ಮುಗಿಯುವುದನ್ನು ಕಾಯಬೇಕೆ? ಕಾಯಬೇಕಾದರೆ, ಅದು ಮುಗಿದಿದೆ ಎಂದು ಗೊತ್ತಾಗುವುದು ಹೇಗೆ?

ನಮ್ಮ ಸಂಸ್ಥೆಯಲ್ಲಿ ಕ್ರಾನ್‌ಗೆ ಎರಡು ಸಾಲು ಬರೆದಿದ್ದಾರೆ ಅನ್ನಿ. ಒಂದೂವರೆಗೆ ಬಿಲ್ಲು ಏರಿಸು, ಎರಡಕ್ಕೆ ರಿಪೋರ್ಟ್ ತೆಗೆ. ಏರಿಸುವುದಕ್ಕೆ ಮಾಮೂಲಿ ಹತ್ತು ನಿಮಿಷ ಸಾಕು, ಅರ್ಧ ಗಂಟೆ ಬಿಟ್ಟಿದ್ದಾರೆ. ತಿಂಗಳ ಕೊನೆಯ ದಿನ ಬಿಲ್ಲು ಹೆಚ್ಚು, ಹಾವೇರಿಯ ನೆಟ್‌ವರ್ಕ್ ನಿಧಾನ. ಎರಡು ಗಂಟೆಯಾದರೂ ಹಾವೇರಿಯದು ಅರ್ಧವೇ ಏರಿದೆ. ಮೊದಲ ಕೆಲಸದ ಸುದ್ದಿಯೇ ಕ್ರಾನ್‌ಗೆ ತಿಳಿಯದು. ಗಡಿಯಾರ ನೋಡಿ ಎರಡನೆಯದನ್ನು ಶುರು ಮಾಡುತ್ತದೆ. ರಿಪೋರ್ಟ್ ಬರುತ್ತದೆ, ಎಲ್ಲೂ ಎರರ್ ಇಲ್ಲ, ಆದರೆ ಹಾವೇರಿಯ ಮಾರಾಟ ಅರ್ಧ. ನನ್ನ ಮಟ್ಟಿಗೆ ರಾತ್ರಿ ಜಾಬ್‌ಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ರಿಪೋರ್ಟ್ ಬಾರದೇ ಹೋದರೆ ಬೆಳಗ್ಗೆ ಎಂಟಕ್ಕೇ ಫೋನ್ ಬರುತ್ತದೆ. ತಪ್ಪು ರಿಪೋರ್ಟ್ ಬಂದರೆ ಅದರ ಮೇಲೆ ಆರ್ಡರ್ ಹೋಗಿಬಿಡುತ್ತದೆ.

ಇದನ್ನು ನೋಡಿದ ಕೂಡಲೇ ದೊಡ್ಡ ಶೆಡ್ಯೂಲರ್ ತರಬೇಕು ಎನ್ನುವವರಿದ್ದಾರೆ. ಅಷ್ಟು ಅವಸರ ಬೇಡ. ಎರಡು ಸಾಲನ್ನು ತೆಗೆದು, ಒಂದೂವರೆಗೆ ಒಂದೇ ಸ್ಕ್ರಿಪ್ಟ್ ಓಡುವಂತೆ ಮಾಡಿದರೆ ಈ ತೊಂದರೆ ಅಲ್ಲಿಗೇ ತೀರುತ್ತದೆ:

```
set -euo pipefail
DAY=$(TZ=Asia/Kolkata date -d yesterday +%F)
for d in gadag dharwad haveri; do
  /opt/rpt/load.sh "$d" "$DAY"
done
psql -v ON_ERROR_STOP=1 -v d="$DAY" -f /opt/rpt/report.sql
```

ಮೊದಲ ಸಾಲು ಹೇಳುವುದಿಷ್ಟು: ನಡುವೆ ಯಾವುದಾದರೂ ಹೆಜ್ಜೆ ಕೆಟ್ಟರೆ ಅಲ್ಲಿಗೇ ನಿಲ್ಲು, ಮುಂದಕ್ಕೆ ಹೋಗಬೇಡ. ಕೊನೆಯ ಸಾಲಿನ `ON_ERROR_STOP` ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪೋಸ್ಟ್‌ಗ್ರೆಸ್‌ನ `psql`ಗೆ ಹೀಗೆ ಒಂದು ಫೈಲ್ ಕೊಟ್ಟಾಗ, ಅದರೊಳಗಿನ ಒಂದು ಆಜ್ಞೆ ಸೋತರೂ ಅದು ಉಳಿದವನ್ನು ಓಡಿಸಿ, ಕೊನೆಗೆ ಎಲ್ಲ ಸರಿಯಾಯಿತು ಎಂಬ ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಆಗ ಹೊರಗೆ ಕ್ರಾನ್ ಇದ್ದರೂ ಅಷ್ಟೇ, ಏರ್‌ಫ್ಲೋ ಇದ್ದರೂ ಅಷ್ಟೇ, ಸೋತದ್ದು ಯಾರಿಗೂ ತಿಳಿಯುವುದಿಲ್ಲ. ಈ ಒಂದು ಪದ ಸೇರಿಸಿದರೆ ಮೊದಲ ತಪ್ಪಿಗೇ ನಿಂತು 3 ಎಂಬ ಸಂಖ್ಯೆ ಕೊಡುತ್ತದೆ.

ಕ್ರಾನ್‌ನ ಮಿತಿಗಳೂ ಇವೆ. ಒಂದೂವರೆಗೆ ಸರ್ವರ್ ಬಂದ್ ಆಗಿದ್ದರೆ ಆ ರಾತ್ರಿಯ ಕೆಲಸ ತಪ್ಪಿತು. ಕರೆಂಟ್ ಬಂದ ಮೇಲೆ ಅದು ತಾನಾಗಿ ನೆನಪಿಸಿಕೊಳ್ಳುವುದಿಲ್ಲ. ಕೈಯಿಂದ ಓಡಿಸಿದಾಗ ನೆಟ್ಟಗೆ ಓಡಿದ ಸ್ಕ್ರಿಪ್ಟ್ ರಾತ್ರಿ ಓಡದಿರುವುದುಂಟು. ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ನಮ್ಮ ಲಾಗಿನ್‌ನ ಉದ್ದನೆಯ ಪಟ್ಟಿ ಕ್ರಾನ್‌ಗೆ ಸಿಗುವುದಿಲ್ಲ, ಅದಕ್ಕಿರುವುದು ಸಾಮಾನ್ಯವಾಗಿ `/usr/bin:/bin` ಮಾತ್ರ. ಆದ್ದರಿಂದ ಪೂರ್ತಿ ಪಾತ್ ಬರೆಯುವುದೇ ಕ್ಷೇಮ.

ಇನ್ನು ಕ್ಲೌಡ್ ಟೈಮರ್. ಇದರ ಲಾಭ ಸ್ಪಷ್ಟ, ಎಬ್ಬಿಸುವುದಕ್ಕೆಂದು ನಮ್ಮದೊಂದು ಮೆಷಿನ್ ರಾತ್ರಿಯಿಡೀ ಎಚ್ಚರವಾಗಿರಬೇಕಿಲ್ಲ. ಡೇಟಾಬೇಸೂ ಕ್ಲೌಡ್‌ನಲ್ಲೇ ಇದ್ದು ಕೆಲಸ ಚಿಕ್ಕದಿದ್ದರೆ ನಾನೂ ಇದನ್ನೇ ಆರಿಸುತ್ತೇನೆ. ಚಿಕ್ಕದು ಎಂದದ್ದಕ್ಕೆ ಕಾರಣವಿದೆ: ಅಮೆಜಾನ್‌ನ ಟೈಮರ್ ಸಾಮಾನ್ಯವಾಗಿ ಎಬ್ಬಿಸುವುದು ಲ್ಯಾಂಬ್ಡಾ ಎಂಬ ಸೇವೆಯನ್ನು, ಅದು 15 ನಿಮಿಷ ದಾಟಿದರೆ ಕೆಲಸವನ್ನು ಅರ್ಧಕ್ಕೇ ಕಡಿಯುತ್ತದೆ. ಹುಬ್ಬಳ್ಳಿಯ ಕಚೇರಿಯೊಳಗಿನ ಡೇಟಾಬೇಸನ್ನು ಹೊರಗಿನ ಟೈಮರ್ ತಲುಪಬೇಕಾದರೆ ನೆಟ್‌ವರ್ಕಿನಲ್ಲೊಂದು ಬಾಗಿಲು ತೆರೆಯಬೇಕು, ಅದನ್ನು ಕಾಯಬೇಕು.

ಇದಕ್ಕಿಂತ ನವುರಾದ ತೊಡಕು ತಾರೀಕಿನದು. ಕ್ಲೌಡ್ ಮೆಷಿನ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ 6ನೇ ತಾರೀಕು ಬೆಳಗಿನ ಜಾವ 2 ಗಂಟೆಯಾದಾಗ ಅಲ್ಲಿನ್ನೂ 5ನೇ ತಾರೀಕು ರಾತ್ರಿ 8:30. ರಿಪೋರ್ಟಿನ ಕ್ವೆರಿಯಲ್ಲಿ ನಿನ್ನೆಯ ಲೆಕ್ಕಕ್ಕೆಂದು `CURRENT_DATE - 1` ಬರೆದಿದ್ದರೆ, ನಮಗೆ ಬೇಕಾದದ್ದು 5, ಅದು ಕೊಡುವುದು 4. ಟೈಮರ್‌ಗೆ `Asia/Kolkata` ಎಂದು ಹೇಳಿದ್ದರೂ ಇದು ಸರಿಹೋಗದು. ಅದು ಎಬ್ಬಿಸುವ ಹೊತ್ತನ್ನು ಮಾತ್ರ ತಿದ್ದುತ್ತದೆ, ಡೇಟಾಬೇಸಿನ ಗಡಿಯಾರವನ್ನಲ್ಲ. ಮೇಲಿನ ಸ್ಕ್ರಿಪ್ಟಿನಲ್ಲಿ ತಾರೀಕನ್ನು ಮೊದಲೇ ನಮ್ಮ ಸಮಯದಲ್ಲಿ ಲೆಕ್ಕ ಹಾಕಿ ಕ್ವೆರಿಗೆ ಕೊಟ್ಟಿರುವುದು ಇದಕ್ಕಾಗಿಯೇ. ಮೊತ್ತಗಳು ನಿನ್ನೆ ಬಂದ ರಿಪೋರ್ಟಿನಂತೆಯೇ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಜೊತೆಗೆ, ಅಮೆಜಾನ್ ಮತ್ತು ಗೂಗಲ್‌ನ ಟೈಮರ್‌ಗಳು ಕೊಡುವ ಭರವಸೆ 'ಕನಿಷ್ಠ ಒಂದು ಸಲ' ಎಬ್ಬಿಸುತ್ತೇವೆ ಎಂದು. ಅಪರೂಪಕ್ಕೆ ಎರಡು ಸಲವೂ ಎಬ್ಬಿಸಬಹುದು. ರಿಪೋರ್ಟ್ ಬರೀ ಸಾಲುಗಳನ್ನು ಸೇರಿಸುತ್ತ ಹೋಗುವಂತಿದ್ದರೆ ಮಾರಾಟ ದುಪ್ಪಟ್ಟಾಗಿ ಕಾಣುತ್ತದೆ. ಒಂದೇ ಟ್ರಾನ್ಸಾಕ್ಷನ್‌ನೊಳಗೆ ಆ ತಾರೀಕಿನ ಹಳೆಯ ಸಾಲುಗಳನ್ನು ಅಳಿಸಿ ಹೊಸದನ್ನು ಬರೆದರೆ ಒಂದಾದ ಮೇಲೊಂದು ಎಷ್ಟು ಸಲ ಓಡಿದರೂ ಲೆಕ್ಕ ಅದೇ. ಎರಡೂ ಒಟ್ಟೊಟ್ಟಿಗೇ ಓಡಿದರೂ ಸಾಲುಗಳು ಎರಡೆರಡಾಗದಂತೆ ತಾರೀಕು ಮತ್ತು ಡಿಪೊ ಸೇರಿದ ಕಾಲಂಗಳ ಮೇಲೊಂದು ಯೂನಿಕ್ ನಿರ್ಬಂಧವನ್ನೂ ಹಾಕಿಡಬೇಕು.

ಹಾಗಾದರೆ ಏರ್‌ಫ್ಲೋ ಯಾವಾಗ? ಡಿಪೊಗಳು ಮೂರರಿಂದ ಹನ್ನೆರಡಾದವು ಅನ್ನಿ. ಒಂದೊಂದರ ಬಿಲ್ಲು ಒಂದೊಂದು ಹೊತ್ತಿಗೆ ಬರುತ್ತದೆ. ದಾಸ್ತಾನಿನ ರಿಪೋರ್ಟಿಗೆ ಹನ್ನೆರಡೂ ಬೇಕು, ಜಿಎಸ್‌ಟಿ ರಿಪೋರ್ಟಿಗೆ ಬೇರೆ ಒಂದಷ್ಟು. ಹಾವೇರಿಯದು ಸೋತರೆ ಹತ್ತು ನಿಮಿಷ ಬಿಟ್ಟು ಮತ್ತೆ ಯತ್ನಿಸಬೇಕು, ಮೂರು ಸಲ ಸೋತರೆ ಅದನ್ನು ನೆಚ್ಚಿದ ರಿಪೋರ್ಟ್ ಮಾತ್ರ ನಿಲ್ಲಬೇಕು, ಉಳಿದವು ಹೊರಡಬೇಕು. ಇದನ್ನೆಲ್ಲ ಸ್ಕ್ರಿಪ್ಟಿನಲ್ಲೇ ಬರೆಯುತ್ತ ಹೋದರೆ ಕೊನೆಗೆ ನಾವೇ ಒಂದು ಕೆಟ್ಟ ಶೆಡ್ಯೂಲರ್ ಕಟ್ಟಿರುತ್ತೇವೆ. ಏರ್‌ಫ್ಲೋನಲ್ಲಿ ಯಾವುದರ ಹಿಂದೆ ಯಾವುದು ಎಂದಷ್ಟೇ ಬರೆದರೆ ಸಾಕು. ಬೆಳಗ್ಗೆ ಪರದೆಯ ಮೇಲೆ ಹಾವೇರಿಯ ಚೌಕ ಕೆಂಪಾಗಿ ಕಾಣುತ್ತದೆ. ಅದನ್ನೊಂದು ಕ್ಲಿಯರ್ ಮಾಡಿದರೆ ಅದೂ ಅದರ ಮುಂದಿನವೂ ಮತ್ತೆ ಓಡುತ್ತವೆ. ಓಟಕ್ಕೆ ಸೇರಿದ ತಾರೀಕನ್ನು ಅದು ಬರೆದಿಟ್ಟುಕೊಂಡಿರುವುದರಿಂದ, ಆ ತಾರೀಕನ್ನೇ ಕ್ವೆರಿಗೆ ಕೊಟ್ಟಿದ್ದರೆ, 9ನೇ ತಾರೀಕು ಓಡಿಸಿದರೂ 5ರ ಲೆಕ್ಕ 5ರದ್ದೇ.

ಇದಕ್ಕೆ ಬೆಲೆಯೂ ಇದೆ. ಏರ್‌ಫ್ಲೋಗೆ ಅದರದೇ ಡೇಟಾಬೇಸ್ ಬೇಕು, ಶೆಡ್ಯೂಲರ್ ಮತ್ತು ವೆಬ್ ಸರ್ವರ್ ಸದಾ ಓಡುತ್ತಿರಬೇಕು, ಹೊಸ ಆವೃತ್ತಿ ಬಂದಾಗ ಅಪ್‌ಗ್ರೇಡ್ ಮಾಡಬೇಕು. ಮೂರು ಡಿಪೊಗಳ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬರೇ ಇರುತ್ತಾರೆ, ಅವರ ಹೆಗಲಿಗೆ ಇದು ರಿಪೋರ್ಟಿಗಿಂತ ದೊಡ್ಡ ಹೊರೆ.

ಹಾಗಾಗಿ ಈ ಹುಬ್ಬಳ್ಳಿಯ ಸಂಸ್ಥೆಗೆ ನಾನು ಹೇಳುವುದು ಕ್ರಾನ್, ಆ ಒಂದು ಸ್ಕ್ರಿಪ್ಟ್, ಮತ್ತು ಬೇರೆ ಮೆಷಿನ್‌ನಿಂದ ಬೆಳಗ್ಗೆ ಆರಕ್ಕೆ ಒಂದು ತಪಾಸಣೆ: ನಿನ್ನೆಯ ತಾರೀಕಿನಲ್ಲಿ ಮೂರೂ ಡಿಪೊಗಳ ಸಾಲು ಇದೆಯೇ? ಇಲ್ಲದಿದ್ದರೆ ಖರೀದಿಯವರಿಗೆ ಮೆಸೇಜ್. ಈ ತಪಾಸಣೆಗೆ ಕ್ಲೌಡ್ ಟೈಮರ್ ಬಹಳ ಒಪ್ಪುತ್ತದೆ. ಸರ್ವರ್ ಸತ್ತಿದ್ದರೆ ಅದರ ಮೇಲಿನ ಕ್ರಾನ್ ದೂರು ಹೇಳಲಾರದು, ಹೊರಗಿನದು ಹೇಳಬಲ್ಲದು.