ನಿಮಗಿದು ಗೊತ್ತೆ? ಹೆಸರಲ್ಲಿ ‘ಇಂಟರ್‌ನ್ಯಾಷನಲ್’ ಇದ್ದರೆ?

‘ಇಂಟರ್‌ನ್ಯಾಷನಲ್’ ಎಂದರೆ ವಿದೇಶದಲ್ಲೂ ವ್ಯವಹಾರವಿದೆಯೇ?
ಇರಲೇಬೇಕೆಂದಿಲ್ಲ. ಹಿಂದೆ ಭಾರತದಲ್ಲಿ ಈ ಪದದಿಂದ ಹೆಸರು ಶುರುವಾದರೆ ಕಂಪನಿಯ ಅಧಿಕೃತ ಬಂಡವಾಳ ಕನಿಷ್ಠ 1 ಕೋಟಿ ರೂಪಾಯಿ ಇರಬೇಕಿತ್ತು. ‘ಇಂಡಸ್ಟ್ರೀಸ್‌’ಗೂ ಅಷ್ಟೇ; ‘ಎಂಟರ್‌ಪ್ರೈಸಸ್‌’ಗೆ 10 ಲಕ್ಷ ಸಾಕಿತ್ತು. ಅಧಿಕೃತ ಬಂಡವಾಳವೆಂದರೆ ಷೇರು ನೀಡಲು ಇರುವ ಮಿತಿ, ಕೈಯಲ್ಲಿರುವ ಹಣವಲ್ಲ! ಈಗ ಆ ನಿಯಮವೂ ಇಲ್ಲ.

‘ಎಂಟರ್‌ಪ್ರೈಸಸ್’ ಕಂಪನಿಯೇ?
ಬಹಳ ಸಲ ಒಬ್ಬರದೇ ಅಂಗಡಿ. ಕೊನೆಯಲ್ಲಿ ‘ಲಿಮಿಟೆಡ್’ ಇಲ್ಲದಿದ್ದರೆ ಸಾಲದ ಹೊಣೆ ಸಾಮಾನ್ಯವಾಗಿ ಮಾಲೀಕರ ಸ್ವಂತ ಆಸ್ತಿಯ ಮೇಲೂ ಬೀಳುತ್ತದೆ.

ಯಾವ ಪದಕ್ಕೆ ತೂಕವಿದೆ?
‘ಬ್ಯಾಂಕ್’, ‘ಇನ್ಶೂರೆನ್ಸ್’. ಇವಕ್ಕೆ ನಿಯಂತ್ರಕರ ಒಪ್ಪಿಗೆ ಬೇಕು. ‘ನ್ಯಾಷನಲ್‌’ಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಹೆಚ್ಚು ಭಾರವೆನಿಸುವ ‘ಇಂಟರ್‌ನ್ಯಾಷನಲ್‌’ಗೆ ಬೇಡ.

ನಿಜ ತಿಳಿಯುವುದೆಲ್ಲಿ?
ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಪಾವತಿಯಾದ ಬಂಡವಾಳ ನೋಡಿ.