ಅಪರಿಚಿತರಿಗೊಂದು ಪತ್ರ, ಎರಡು ಸಾಲಿನ ಉತ್ತರ

“ಮಾಮ, ಕಳಿಸೋಕೆ ಮುಂಚೆ ಇದನ್ನ ಸ್ವಲ್ಪ ನೋಡ್ರಿ” ಎಂದು ಅಕ್ಕನ ಮಗಳು ಫೋನನ್ನು ಮುಂದೆ ಹಿಡಿದಳು. ದಾವಣಗೆರೆಯಲ್ಲಿ ಸಿವಿಲ್ ಬಿ.ಇ. ಮುಗಿಸಿ ಎರಡು ತಿಂಗಳಾಗಿತ್ತು. ಬೆಂಗಳೂರಿನ ಒಬ್ಬ ಹಿರಿಯ ಸ್ಟ್ರಕ್ಚರಲ್ ಎಂಜಿನಿಯರಿಗೆ ಇಮೇಲ್ ಬರೆದಿದ್ದಳು. ಅವರಿಗೆ ಇವಳ ಗುರುತಿಲ್ಲ. ಮಾರ್ಚಿಯಲ್ಲಿ ಅವರು ಊರಿಗೆ ಬಂದು ಉಪನ್ಯಾಸ ಕೊಟ್ಟಾಗ ಇವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು, ಅಷ್ಟೆ.

ಪತ್ರಿಕೆಯಲ್ಲಿ ವರದಿ ಕತ್ತರಿಸುವುದೇ ನನ್ನ ಕಸುಬಾದ್ದರಿಂದ ಮೊದಲು ಪದ ಎಣಿಸಿದೆ. ಇಂಗ್ಲಿಷಿನಲ್ಲಿ 286 ಪದ. ಫೋನಿನಲ್ಲಿ ಮೂರು ಸಲ ಬೆರಳಾಡಿಸಿದರೂ ಅವಳಿಗೆ ಏನು ಬೇಕು ಎನ್ನುವುದು ಸಿಗಲಿಲ್ಲ.

ಶುರುವಾಗುವುದೇ ಹೀಗೆ: ನೀವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ, ನಿಮ್ಮಂಥ ಮಹನೀಯರಿಗೆ ಬರೆಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ, ನಿಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮಿಸಿ. ಆಮೇಲೆ ಹತ್ತನೇ ತರಗತಿಯಿಂದ ಅಂಕಗಳು, ಕಲಿತ ಐದು ಸಾಫ್ಟ್‌ವೇರ್, ಬಾಲ್ಯದಲ್ಲಿ ಸೇತುವೆ ನೋಡಿ ಬೆರಗಾದ ಕಥೆ. ಕಡೆಗೆ, “ನನ್ನ ವೃತ್ತಿಜೀವನಕ್ಕೆ ತಾವು ಮಾರ್ಗದರ್ಶನ ನೀಡಬೇಕು, ಅರ್ಧ ಗಂಟೆ ಫೋನಿನಲ್ಲಿ ಮಾತಾಡಲು ಸಾಧ್ಯವೇ?” ಜೊತೆಗೆ ರೆಸ್ಯೂಮೆ.

ಅವಳನ್ನು ಬೈದು ಪ್ರಯೋಜನವಿಲ್ಲ. ನಾವೆಲ್ಲ ಪತ್ರ ಬರೆಯಲು ಕಲಿತದ್ದು ರಜಾ ಅರ್ಜಿಯಿಂದ. “ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎಂಬ ಪೀಠಿಕೆಯಿಲ್ಲದೆ ಜ್ವರ ಬಂದಿದೆ ಎನ್ನುವುದೂ ನಮಗೆ ಉದ್ಧಟತನ. ಅದಕ್ಕೂ ಹಿಂದಿನವರು “ಉಭಯ ಕುಶಲೋಪರಿ” ಬರೆಯದೆ ಶಾಯಿಯನ್ನೇ ಮುಟ್ಟುತ್ತಿರಲಿಲ್ಲ. ಆದರೆ ಆ ಕಾಗದ ಹೋಗುತ್ತಿದ್ದುದು ನಂಟರಿಗೆ, ಅವರು ಜಗಲಿಯ ಮೇಲೆ ಕೂತು ಓದುತ್ತಿದ್ದರು. ಈ ಇಮೇಲನ್ನು ಓದುವವರು ಸೈಟಿನಲ್ಲಿ ಕಾಂಕ್ರೀಟ್ ಲಾರಿ ಬರುವುದನ್ನು ಕಾಯುತ್ತ ನಿಂತಿರುತ್ತಾರೆ. ಫೋನಿನ ಪರದೆಯಲ್ಲಿ ಅವರಿಗೆ ಮೊದಲು ಕಾಣುವುದು ವಿಷಯದ ಸಾಲು, ಅದರ ಕೆಳಗೆ ಪತ್ರದ ಮೊದಲ ಕೆಲವು ಪದ. ಆ ಜಾಗವನ್ನು ಇವಳು ಅವರ ಕ್ಷೇಮಸಮಾಚಾರಕ್ಕೆ ಕೊಟ್ಟುಬಿಟ್ಟಿದ್ದಳು. ವಿಷಯ ಎಂದಿರುವಲ್ಲಿ ಬರೀ “ಮಾರ್ಗದರ್ಶನಕ್ಕಾಗಿ ವಿನಂತಿ”.

“ನಮ್ಮ ಪರಿಚಯದವರನ್ನೇ ಕೇಳಬಾರದಾ? ಯಾರೋ ಏನೋ” ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ಇದಕ್ಕೆ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರ ಹಳೆಯ ಉತ್ತರವೊಂದಿದೆ. 1973ರಲ್ಲಿ ಪ್ರಕಟವಾದ ಅವರ ಲೇಖನ, ಬಾಸ್ಟನ್ ಬಳಿ ಪರಿಚಯದ ಮೂಲಕ ಕೆಲಸ ಹಿಡಿದವರ ಲೆಕ್ಕ ಕೊಡುತ್ತದೆ. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಸುದ್ದಿ ಕೊಟ್ಟವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಹತ್ತಿರದವರಿಗೆ ಗೊತ್ತಿರುವುದು ಹೆಚ್ಚೂಕಡಿಮೆ ನಮಗೂ ಗೊತ್ತಿರುತ್ತದೆ, ದೂರದವರ ಬಳಿ ಬೇರೆ ಸುದ್ದಿ ಇರುತ್ತದೆ. ಆದರೆ ಅವರಿಗೆಲ್ಲ ಮುಖಪರಿಚಯವಾದರೂ ಇತ್ತು. ಅದೂ ಇಲ್ಲದವರಿಗೆ ಬರೆಯುವಾಗ ಪರಿಚಯ ಮಾಡಿಸುವ ಕೆಲಸವೂ ಪತ್ರದ ತಲೆಗೇ ಬೀಳುತ್ತದೆ.

ಕತ್ತರಿಸು ಎಂದೆ. ಹತ್ತು ನಿಮಿಷಕ್ಕೆ ಎರಡನೇ ಕರಡು ಬಂತು: “ಸರ್, ನಾನು ಸಿವಿಲ್ ಪದವೀಧರೆ. ಎಂ.ಟೆಕ್. ಮಾಡಲೋ, ಕೆಲಸಕ್ಕೆ ಸೇರಲೋ? ದಯವಿಟ್ಟು ತಿಳಿಸಿ.”

ಚಿಕ್ಕದೇನೋ ಆಯಿತು, ಆದರೆ ಮೊದಲಿನದಕ್ಕಿಂತ ಕೆಟ್ಟದಾಯಿತು. ಇದಕ್ಕೆ ಉತ್ತರಿಸಬೇಕಾದರೆ ಅವರು ಎದುರು ಮೂರು ಪ್ರಶ್ನೆ ಕೇಳಬೇಕು. ಯಾವ ವಿಭಾಗದ ಎಂ.ಟೆಕ್.? ಕೈಯಲ್ಲಿ ಕೆಲಸ ಇದೆಯೇ? ನನ್ನನ್ನೇ ಯಾಕೆ ಕೇಳುತ್ತೀಯ? ಬಿಡುವಿಲ್ಲದವರು ಎದುರು ಪ್ರಶ್ನೆ ಕೇಳುವುದಿಲ್ಲ, ಸುಮ್ಮನಾಗುತ್ತಾರೆ. ಪತ್ರ ಎಷ್ಟು ಗಿಡ್ಡವಾಗಬೇಕು ಎನ್ನುವುದಕ್ಕೆ ನನ್ನ ಅಳತೆ ಇಷ್ಟೇ: ತಿರುಗಿ ಏನನ್ನೂ ಕೇಳದೆ ಓದಿದವರು ಉತ್ತರ ಕೊಡಬಹುದೇ? ಆ ಉತ್ತರಕ್ಕೆ ಬೇಡದ್ದೆಲ್ಲ ಹೋಗಲಿ, ಬೇಕಾದ್ದು ಒಂದೂ ಹೋಗದಿರಲಿ.

ಹಾಗೆ ಜರಡಿ ಹಿಡಿದಾಗ ಅಂಕಗಳು ಹೋದವು. ಸೇತುವೆಯ ಬಾಲ್ಯಕಥೆ ಹೋಯಿತು, ಅವಳಿಗೆ ಸ್ವಲ್ಪ ಬೇಜಾರೂ ಆಯಿತು. ರೆಸ್ಯೂಮೆ ತೆಗೆಸಿದೆ. ಸಲಹೆ ಕೇಳುತ್ತ ರೆಸ್ಯೂಮೆ ಅಂಟಿಸಿದರೆ ಅದು ಕೆಲಸ ಕೇಳಿದಂತೆಯೇ, ಓದಿದವರು ಎಚ್.ಆರ್. ವಿಭಾಗಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತಾರೆ. ಫೋನಿನ ಅರ್ಧ ಗಂಟೆಯೂ ಹೋಯಿತು. “ಮಾರ್ಗದರ್ಶನ” ಎಂಬ ಪದವನ್ನಂತೂ ಹಟ ಹಿಡಿದು ತೆಗೆಸಿದೆ. ಅದರೊಳಗೆ ಎಂಥ ಪ್ರಶ್ನೆಯೂ ಅಡಗಿಕೊಳ್ಳಬಹುದು, ಯಾವ ಪ್ರಶ್ನೆಯೂ ಇಲ್ಲದೆಯೂ ಇರಬಹುದು.

ಉಳಿಸಿಕೊಳ್ಳಲೇಬೇಕಾದ ಒಂದು ಸಂಗತಿಯನ್ನು ಅವಳು ಎರಡೂ ಕರಡಿನಲ್ಲಿ ಬರೆದೇ ಇರಲಿಲ್ಲ. ಆ ಉಪನ್ಯಾಸದ ವಿಷಯ, ಕೆಳಮಹಡಿಯನ್ನು ಪೂರ್ತಿ ಪಾರ್ಕಿಂಗಿಗೆ ಬಿಟ್ಟು ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳು. 2001ರ ಭುಜ್ ಭೂಕಂಪದಲ್ಲಿ, ದೂರದ ಅಹಮದಾಬಾದಿನಲ್ಲೂ ಅಂಥ ಅಪಾರ್ಟ್‌ಮೆಂಟುಗಳು ಕುಸಿದಿದ್ದವು. ಅದನ್ನು ಕೇಳಿಯೇ ಇವಳು ತನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂಥದೊಂದು ಕಟ್ಟಡ ಆರಿಸಿಕೊಂಡಿದ್ದಳು. “ಅದೆಲ್ಲ ಯಾಕೆ ಮಾಮ, ಹೊಗಳಿಕೆ ಅಂದ್ಕೊಳ್ತಾರೆ” ಎಂದಳು. ಮಹನೀಯರು ಎನ್ನುವುದು ಹೊಗಳಿಕೆ. ನಿಮ್ಮ ಮಾತು ಕೇಳಿ ಇಂಥ ಕೆಲಸ ಮಾಡಿದೆ ಎನ್ನುವುದು ವರದಿ.

ಕೊನೆಗೆ ಹೋದ ಪತ್ರ ಇಂಗ್ಲಿಷಿನಲ್ಲಿ ಸುಮಾರು 90 ಪದ. ಕನ್ನಡಕ್ಕೆ ತಂದರೆ ಹೀಗಿದೆ:

ವಿಷಯ: ದಾವಣಗೆರೆಯ ನಿಮ್ಮ ಉಪನ್ಯಾಸ, ಎಂ.ಟೆಕ್. ಬಗ್ಗೆ ಒಂದು ಪ್ರಶ್ನೆ

“ಸರ್, ಮಾರ್ಚಿಯಲ್ಲಿ ನೀವು ಪಾರ್ಕಿಂಗ್ ಮಹಡಿಯ ಕಟ್ಟಡಗಳ ಕುರಿತು ಮಾತಾಡಿದ್ದನ್ನು ಕೇಳಿ, ಅಂಥ ನಾಲ್ಕು ಮಹಡಿಯ ಕಟ್ಟಡವೊಂದನ್ನು ನನ್ನ ಪ್ರಾಜೆಕ್ಟಿಗೆ ಈಟ್ಯಾಬ್ಸ್‌ನಲ್ಲಿ ಮಾಡಿ ನೋಡಿದೆ. ಈ ವರ್ಷ ಸಿವಿಲ್ ಬಿ.ಇ. ಮುಗಿಯಿತು. ಸ್ಟ್ರಕ್ಚರಲ್ ಡಿಸೈನಿಗೆ ಬರಬೇಕೆಂದಿದ್ದೇನೆ. ಸದ್ಯ ಸಿಕ್ಕಿರುವುದು ಸೈಟ್ ಎಂಜಿನಿಯರ್ ಕೆಲಸ, ಇನ್ನೊಂದು ದಾರಿ ಸ್ಟ್ರಕ್ಚರಲ್ ಎಂ.ಟೆಕ್. ನಿಮ್ಮ ಕಚೇರಿಗೆ ಹೊಸಬರನ್ನು ಆರಿಸುವಾಗ, ಎರಡು ವರ್ಷದ ಸೈಟ್ ಅನುಭವ ಎಂ.ಟೆಕ್. ಇಲ್ಲದ ಕೊರತೆಯನ್ನು ತುಂಬುತ್ತದೆಯೇ? ಎರಡು ಸಾಲಿನ ಉತ್ತರ ಸಾಕು. ಬಿಡುವಿಲ್ಲದಿದ್ದರೆ ಪರವಾಗಿಲ್ಲ.”

ಕೆಳಗೆ ಹೆಸರು, ಊರು. ಲಿಂಕ್ಡ್‌ಇನ್‌ನಲ್ಲಿ ಆಹ್ವಾನದ ಜೊತೆ ಕಳಿಸುವ ಟಿಪ್ಪಣಿಗೆ ಇಷ್ಟೂ ಜಾಗವಿಲ್ಲ. ಅಲ್ಲಾದರೆ ಉಪನ್ಯಾಸದ ಒಂದು ವಾಕ್ಯ, ಪ್ರಶ್ನೆಯ ಒಂದು ವಾಕ್ಯ ಉಳಿಸಿ ಮಿಕ್ಕಿದ್ದನ್ನು ಬಿಡಬೇಕಾಗುತ್ತದೆ.

ಒಂದು ವಾರ ಸದ್ದಿಲ್ಲ. “ನನ್ನ ಪತ್ರ ತಲುಪಿತೇ?” ಎಂದು ಕೇಳಲು ಹೊರಟವಳನ್ನು ತಡೆದೆ, ಅದು ಸಾಲಗಾರನ ಬಾಗಿಲು ಬಡಿದಂತೆ. ಹತ್ತನೇ ದಿನ ಅದೇ ಇಮೇಲಿಗೆ ಕೊಂಡಿ ಹಾಕಿ ಒಂದೇ ಸಾಲು ಬರೆದಳು: ಸೈಟ್ ಕೆಲಸಕ್ಕೆ ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳಬೇಕಿದೆ, ಅದಕ್ಕೆ ಮುಂಚೆ ನಿಮ್ಮ ಅಭಿಪ್ರಾಯ ಸಿಕ್ಕರೆ ಅನುಕೂಲ. ಇದಕ್ಕೂ ಉತ್ತರ ಬರದಿದ್ದರೆ ಮೂರನೆಯದು ಬೇಡ, ಬೇರೊಬ್ಬರಿಗೆ ಬರೆ ಎಂದಿದ್ದೆ.

ಮರುದಿನ ರಾತ್ರಿ ಹತ್ತೂವರೆಗೆ ಉತ್ತರ ಬಂತು. “ತುಂಬುವುದಿಲ್ಲ. ಆದರೆ ಕಂಬಿ ಕಟ್ಟುವುದನ್ನೇ ನೋಡದವರ ಡ್ರಾಯಿಂಗನ್ನು ನಾನೇ ತಿದ್ದಬೇಕಾಗುತ್ತದೆ. ಒಂದು ವರ್ಷ ಸೈಟಿಗೆ ಹೋಗಿ, ಅಲ್ಲಿದ್ದುಕೊಂಡೇ ಗೇಟ್ ಪರೀಕ್ಷೆ ಬರೆಯಿರಿ. ಅಂದಹಾಗೆ, ನಿಮ್ಮ ಪ್ರಾಜೆಕ್ಟಿನಲ್ಲಿ ಮೇಲಿನ ಮಹಡಿಗಳ ಇಟ್ಟಿಗೆ ಗೋಡೆಯನ್ನು ಮಾಡೆಲ್ ಮಾಡಿದ್ದಿರೋ, ಬರೀ ಅದರ ಭಾರ ಹಾಕಿದ್ದಿರೋ?”

ಓದಿ ಅವಳ ಮುಖ ಸಣ್ಣದಾಯಿತು. ಭಾರವನ್ನಷ್ಟೇ ಹಾಕಿದ್ದಳು. ಮೇಲಿನ ಮಹಡಿಗಳನ್ನು ಬಿಗಿಯಾಗಿಸುವುದು ಆ ಗೋಡೆಗಳೇ. ಆ ಬಿಗಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಗೋಡೆಯಿಲ್ಲದ ಕೆಳಮಹಡಿ ಎಷ್ಟು ಸಡಿಲ ಎನ್ನುವುದೇ ಕಂಪ್ಯೂಟರಿಗೆ ಕಾಣುವುದಿಲ್ಲ. ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು, ಗೋಡೆಯ ಬದಲಿಗೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಓರೆ ಪಟ್ಟಿಗಳನ್ನು ಹಾಕುತ್ತ ಕೂತಳು. ಧನ್ಯವಾದದ ಇಮೇಲ್ ನಾಲ್ಕು ದಿನ ತಡವಾಗಿ ಹೋಯಿತು, ಕೆಳಮಹಡಿ ಈಗ ಎಷ್ಟು ವಾಲುತ್ತದೆ ಎಂಬ ಲೆಕ್ಕದ ಜೊತೆ.